ಅಕ್ಕಚ್ಚು ಎಲ್ಲಿಗೆ ಹೋಗುತ್ತದೆ?

ಜೂನ್ 5ರ ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಗುಂಡಿ ತೋಡುವವರಿಗೆ ಎಷ್ಟೋ ಕಡೆ ಹೆಚ್ಚು ಶ್ರಮವಾಗುವುದಿಲ್ಲ. ಅದು ಕಳೆದ ವರ್ಷದ್ದೇ ಗುಂಡಿ. ಮಣ್ಣು ಇನ್ನೂ ಸಡಿಲವಾಗಿರುತ್ತದೆ. ಎರಡು ಸಲ ಹಾರೆ ಹಾಕಿದರೆ ಒಣಗಿದ ಕಡ್ಡಿಯೊಂದು ಕಿತ್ತು ಬರುತ್ತದೆ. ಅದರ ಬುಡದಲ್ಲಿ ಬೇರಿನ ಮುದ್ದೆ ನರ್ಸರಿ ಚೀಲದ ಆಕಾರದಲ್ಲೇ ಉಳಿದಿರುತ್ತದೆ. ಬೇರು ಆ ಗೇಣುದ್ದದ ಮಣ್ಣಿನಿಂದ ಆಚೆಗೆ ಕಾಲಿಟ್ಟೇ ಇಲ್ಲ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಕಡ್ಡಿಯನ್ನು ಪಕ್ಕಕ್ಕೆಸೆದು ಮರುದಿನ ಅದೇ ಜಾಗದಲ್ಲಿ ಹೊಸ ಸಸಿ ನೆಡುತ್ತಾರೆ. ಚಪ್ಪಾಳೆ ಆಗುತ್ತದೆ, ಫೋಟೊ ಆಗುತ್ತದೆ, ಭಾಷಣ ಶುರುವಾಗುತ್ತದೆ.

ಆ ಭಾಷಣದಲ್ಲಿ ಸಾಮಾನ್ಯವಾಗಿ ಭೂಮಿಯ ತಾಪ, ಕರಗುತ್ತಿರುವ ಹಿಮ, ದೂರದ ಯಾವುದೋ ಕಾಡಿನ ಎಕರೆಗಳ ಲೆಕ್ಕ ಬರುತ್ತದೆ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಎದುರಿಗೆ ಬಿಸಿಲಲ್ಲಿ ಕೂತ ಏಳನೇ ತರಗತಿಯ ಹುಡುಗಿ ಮನೆಗೆ ಹೋಗಿ ಸಂಜೆ ಏನು ಮಾಡಬೇಕೆನ್ನುವುದು ಅದರಲ್ಲಿ ಇರುವುದಿಲ್ಲ. ಹಿಮದ ವಿಷಯದಲ್ಲಿ ಅವಳು ಮಾಡಬಹುದಾದ್ದು ಬಹಳ ಕಡಿಮೆ. ಶಾಲೆಯ ಗೇಟಿನ ಪಕ್ಕದ ಹೊಂಗೆ ಸಸಿಯ ವಿಷಯದಲ್ಲಿ ಅವಳು ಮಾಡಬಹುದಾದ್ದು ಬಹಳ ಇದೆ. ಅದಕ್ಕೆ ಬೇಕಾದ ನೀರು ಅವಳ ಮನೆಯಲ್ಲೇ ದಿನವೂ ಮೋರಿಗೆ ಹೋಗುತ್ತಿದೆ.

ಆ ನೀರಿಗೆ ಕನ್ನಡದಲ್ಲಿ ಒಂದು ಹಳೆಯ ಹೆಸರೂ ಇದೆ. ಅಕ್ಕಿ ತೊಳೆದ ನೀರು ಅಕ್ಕಚ್ಚು. ಕರ್ಚು ಎಂದರೆ ಹಳಗನ್ನಡದಲ್ಲಿ ತೊಳೆಯುವುದು. ಅಕ್ಕಿಯೂ ಕರ್ಚೂ ಸೇರಿ ಈ ಮಾತು ಹುಟ್ಟಿದೆ. ಕಲಗಚ್ಚು ಎಂಬ ಮಾತೂ ಇದರ ನೆಂಟನೇ. ಹಿತ್ತಿಲಲ್ಲಿ ಹಸು ಎಮ್ಮೆ ಇದ್ದ ಕಾಲದಲ್ಲಿ ಈ ನೀರನ್ನು ಚೆಲ್ಲುವುದು ಯಾರಿಗೂ ಗೊತ್ತಿರಲಿಲ್ಲ. ಅಕ್ಕಿ ತೊಳೆದದ್ದು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಎಲ್ಲವೂ ಬಾನಿಗೆ ಬಿದ್ದು ಸಂಜೆಗೆ ದನದ ಹೊಟ್ಟೆ ಸೇರುತ್ತಿತ್ತು. ಕೊಟ್ಟಿಗೆ ಹೋಯಿತು, ಬಾನಿ ಹೋಯಿತು, ಅಡುಗೆಮನೆಗೆ ಸಿಂಕ್ ಬಂತು. ಅಲ್ಲಿಂದಾಚೆಗೆ ಅಕ್ಕಚ್ಚು ಪೈಪಿನ ದಾರಿ ಹಿಡಿಯಿತು.

ಪರಿಸರ ದಿನದ ಭಾಷಣಕ್ಕೆ ಈ ಒಂದು ಅಭ್ಯಾಸವೇ ಸಾಕು: ಅಡುಗೆಮನೆಯಲ್ಲಿ ಅಕ್ಕಿ, ಬೇಳೆ, ಸೊಪ್ಪು, ತರಕಾರಿ ತೊಳೆದ ನೀರನ್ನು ಸಿಂಕಿಗೆ ಸುರಿಯದೆ ಬಕೆಟ್ಟಿಗೆ ಸುರಿಯುವುದು, ಬಕೆಟ್ಟನ್ನು ಅದೇ ದಿನ ಒಂದು ಸಸಿಯ ಬುಡಕ್ಕೆ ತಲುಪಿಸುವುದು. ಮಾತು ಸಣ್ಣದೆನಿಸಬಹುದು. ಸಸಿ ಯಾವ ತಿಂಗಳಲ್ಲಿ, ಯಾವುದರಿಂದ ಸಾಯುತ್ತದೆ ಎಂದು ನೋಡಿದರೆ ಇದರ ತೂಕ ಗೊತ್ತಾಗುತ್ತದೆ.

ಜೂನ್ 5 ಎಂದರೆ ನಮ್ಮ ಲೆಕ್ಕದಲ್ಲಿ ರೋಹಿಣಿ ಮಳೆಯ ಕೊನೆಯ ದಿನಗಳು. ಅದರ ಬೆನ್ನಿಗೇ ಮೃಗಶಿರಾ, ಆಮೇಲೆ ಆರಿದ್ರಾ. ನೆಡುವುದಕ್ಕೆ ಕೆಟ್ಟ ಹೊತ್ತೇನಲ್ಲ. ಕರಾವಳಿ, ಮಲೆನಾಡಿನಲ್ಲಂತೂ ಮುಂದಿನ ನಾಲ್ಕು ತಿಂಗಳು ಸಸಿಗೆ ನೀರಿನ ಚಿಂತೆಯೇ ಇರುವುದಿಲ್ಲ. ಬಯಲುಸೀಮೆಯಲ್ಲಿ ಜೂನ್, ಜುಲೈ ಕೈಕೊಟ್ಟರೂ ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಂದಿಷ್ಟು ಮಳೆ ಬರುತ್ತದೆ. ಸಸಿ ಚಿಗುರುತ್ತದೆ, ನೆಟ್ಟವರಿಗೆ ಗೆದ್ದೆವು ಅನ್ನಿಸುತ್ತದೆ. ಕಷ್ಟ ಇರುವುದು ಅದರ ಆಚೆಗೆ. ವಿಶಾಖ ಮಳೆ ಮುಗಿದು ನವೆಂಬರ್ ದಾಟಿದರೆ ಮುಂದಿನ ಮೇ ತನಕ ಬಯಲುಸೀಮೆಯ ನೆಲಕ್ಕೆ ಲೆಕ್ಕಕ್ಕೆ ಸಿಗುವ ಮಳೆ ಇಲ್ಲ. ನಡುವೆ ಒಂದೆರಡು ಅಡ್ಡ ಮಳೆ ಬಿದ್ದರೆ ಅದು ಪುಣ್ಯ. ಐದಾರು ತಿಂಗಳ ಆ ಒಣ ದಾರಿಯನ್ನು ಗೇಣುದ್ದದ ಬೇರಿನಿಂದ ದಾಟುವುದು ಸಸಿಗೆ ಆಗದ ಕೆಲಸ. ಮೊದಲ ಬೇಸಿಗೆ ದಾಟಿದ ಗಿಡಕ್ಕೆ ಎರಡನೆಯದು ಅಷ್ಟು ಭಯದ್ದಲ್ಲ. ಮೂರನೆಯದು ದಾಟಿದರೆ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ.

ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದನ್ನೇ ಹಿಡಿದು ರೂಪಿಸಿದ್ದು. ಆ ಯೋಜನೆಯಲ್ಲಿ ರೈತರಿಗೆ ಹಣ ಸಿಗುವುದು ಎಷ್ಟು ಸಸಿ ನೆಟ್ಟರು ಎನ್ನುವುದಕ್ಕಲ್ಲ. ಮೊದಲ ವರ್ಷದ ಕೊನೆಗೆ, ಎರಡನೆಯ ವರ್ಷದ ಕೊನೆಗೆ, ಮೂರನೆಯ ವರ್ಷದ ಕೊನೆಗೆ ಎಷ್ಟು ಬದುಕಿವೆ ಎನ್ನುವುದಕ್ಕೆ. ಶಾಲೆ, ಕಚೇರಿಗಳ ಪರಿಸರ ದಿನದಲ್ಲಿ ಮಾತ್ರ ಇನ್ನೂ ನೆಟ್ಟ ದಿನದ ಎಣಿಕೆಯೇ ನಡೆಯುತ್ತಿದೆ.

ಸಾಲುಮರದ ತಿಮ್ಮಕ್ಕನವರ ಹೆಸರು ಹೇಳದ ಪರಿಸರ ಭಾಷಣ ಕರ್ನಾಟಕದಲ್ಲಿ ಇಲ್ಲವೆನ್ನಬಹುದು. ಆದರೆ ಅವರ ಬದುಕಿನಲ್ಲಿ ಎತ್ತಿ ಹೇಳಬೇಕಾದ ಭಾಗ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಆಲದ ಸಾಲು, 385 ಮರಗಳೆಂಬ ಎಣಿಕೆ, 2019ರ ಪದ್ಮಶ್ರೀ, ಇಷ್ಟನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ. ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಕೂಲಿ ಮಾಡಿ ಬದುಕುತ್ತಿದ್ದ ಇಬ್ಬರು ತಮ್ಮ ಕೈಯಲ್ಲಿ ಎಷ್ಟಕ್ಕೆ ನೀರು ಹೊರಲು ಆಗುತ್ತದೋ ಅಷ್ಟನ್ನೇ ನೆಟ್ಟರು. ಆಲದ ಸಾಲು ಬೆಳೆಯುತ್ತಾ ಹೋದಂತೆ ನೀರು ಹೊರುವ ದಾರಿಯೂ ಮೈಲಿಗಟ್ಟಲೆ ಬೆಳೆಯಿತು. ನೆಡುವುದನ್ನು ಮಳೆಗಾಲಕ್ಕೆ ಇಟ್ಟುಕೊಂಡರು, ದನಕರು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದರು, ಮಳೆ ಇಲ್ಲದ ದಿನಗಳಲ್ಲಿ ನೀರು ಹೊತ್ತರು. ನೆಡುವ ಕೆಲಸ ಒಂದು ಮಧ್ಯಾಹ್ನದ್ದು. ಹೊರುವ ಕೆಲಸ ವರ್ಷಗಳದ್ದು. ವೇದಿಕೆಯ ಮೇಲೆ ನಿಂತವರು ಕೊಡದ ಕಥೆಯನ್ನು ಬಿಟ್ಟು ಮರದ ಕಥೆಯನ್ನಷ್ಟೇ ಹೇಳಿದರೆ, ಕೇಳುವ ಮಕ್ಕಳಿಗೆ ತಿಮ್ಮಕ್ಕ ಒಬ್ಬ ದೇವತೆಯಂತೆ ಕಾಣುತ್ತಾರೆಯೇ ಹೊರತು ತಮ್ಮಂತೆ ಬಕೆಟ್ ಹಿಡಿಯುವ ಒಬ್ಬ ಹೆಂಗಸಿನಂತೆ ಕಾಣುವುದಿಲ್ಲ.

ಈಗ ಒಂದು ಲೆಕ್ಕ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧ ಕೆಜಿಯಷ್ಟು ಅಕ್ಕಿ ಬೇಯುತ್ತದೆ ಎಂದುಕೊಳ್ಳೋಣ. ಎರಡು ಸಲ ತೊಳೆದರೆ ಎರಡೂವರೆಯಿಂದ ಮೂರು ಲೀಟರ್ ಅಕ್ಕಚ್ಚು ಬರುತ್ತದೆ. ದಂಟು, ಪಾಲಕ್, ಸಬ್ಬಸಿಗೆಯಂಥ ಮಣ್ಣು ಕೂತ ಸೊಪ್ಪನ್ನು ಮೂರು ನೀರಿನಲ್ಲಿ ಜಾಲಿಸಬೇಕು. ಅಲ್ಲಿ ಇನ್ನು ಮೂರ್ನಾಲ್ಕು ಲೀಟರ್. ಬೇಳೆ, ತರಕಾರಿ ಸೇರಿದರೆ ಒಟ್ಟು ಏಳೆಂಟು ಲೀಟರ್. ಮನೆಯಿಂದ ಮನೆಗೆ ಇದು ಹೆಚ್ಚು ಕಡಿಮೆ ಆಗುತ್ತದೆ. ಆದ್ದರಿಂದ ಯಾರೇ ಆಗಲಿ ಮೊದಲು ಒಂದು ದಿನ ಅಳೆದು ನೋಡುವುದು ಒಳ್ಳೆಯದು. ಹಾಲಿನ ಪಾತ್ರೆ, ಹಿಟ್ಟಿನ ಪಾತ್ರೆಯನ್ನು ಸೋಪು ಹಚ್ಚುವ ಮೊದಲು ಗಲಬರಿಸಿದ ನೀರೂ ಬಕೆಟ್ಟಿಗೆ ಬೀಳಬಹುದು. ಒಟ್ಟಿನಲ್ಲಿ ಒಂದು ಮನೆ, ಒಂದು ದಿನ, ಎಂಟು ಲೀಟರ್.

ಇದನ್ನು ದಿನವೂ ಒಂದೇ ಸಸಿಗೆ ಹಾಕಬೇಕೆ? ಬೇಡ. ಕೆಂಪು ಮಣ್ಣಿನಲ್ಲಿ ಮೊದಲ ಬೇಸಿಗೆಯ ಹೊಂಗೆ, ಬೇವು, ನೇರಳೆಗಳಿಗೆ ಮೂರು ದಿನಕ್ಕೊಮ್ಮೆ ಎಂಟು ಲೀಟರ್ ಕೊಟ್ಟರೆ ಧಾರಾಳವಾಯಿತು. ಹಾಗಾಗಿ ಒಂದು ಮನೆಯ ಅಡುಗೆ ನೀರು ಮೂರು ಸಸಿಗಳನ್ನು ಸಾಕುತ್ತದೆ: ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ, ನಾಡಿದ್ದು ಮತ್ತೊಂದಕ್ಕೆ. ಡಿಸೆಂಬರ್ 1ರಿಂದ ಮೇ ಕೊನೆಯವರೆಗೆ 182 ದಿನ. ಮೂರು ದಿನಕ್ಕೊಮ್ಮೆ ಎಂದರೆ ಒಂದು ಸಸಿಗೆ ಅರವತ್ತು ಸರದಿ. ಸರದಿಗೆ ಎಂಟು ಲೀಟರಿನಂತೆ 480 ಲೀಟರ್. ಒಂದು ಸಸಿ ಸಾಯುವುದಕ್ಕೂ ಬದುಕುವುದಕ್ಕೂ ನಡುವೆ ಇರುವುದು ಇಷ್ಟು ನೀರು. ಇದನ್ನು ಟ್ಯಾಂಕರಿನಲ್ಲಿ ತರಿಸುವುದು ಬೇಕಿಲ್ಲ, ಬೋರ್‌ವೆಲ್ಲಿನಿಂದ ಎತ್ತುವುದೂ ಬೇಕಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನವರಿಗೆ ಇದು ಬೇರೆ ರೀತಿಯಲ್ಲಿ ಅರಿವಿಗೆ ಬಂತು. ನೀರಿನ ಅಭಾವ ತೀವ್ರವಾದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸುವಂತಿಲ್ಲವೆಂದು ಆದೇಶ ಹೊರಡಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಿಂದಿನ ಜೂನ್‌ನಲ್ಲಿ ನೆಟ್ಟ ಸಸಿಗೆ ನೀರು ಅತ್ಯಂತ ಅಗತ್ಯವಿದ್ದ ತಿಂಗಳೂ ಅದೇ ಆಗಿತ್ತು. ನಲ್ಲಿಯ ನೀರು ಸಸಿಗೆ ಸಲ್ಲದು ಎಂದಾದ ಮೇಲೆ ಉಳಿಯುವುದು ಒಮ್ಮೆ ಬಳಸಿದ ನೀರು. ಅದರಲ್ಲಿ ಸೋಪು ಕಾಣದ, ಎಣ್ಣೆ ಕಾಣದ ನೀರು ಮನೆಯಲ್ಲಿ ಹುಟ್ಟುವುದು ಹೆಚ್ಚಾಗಿ ಅಡುಗೆ ಕಟ್ಟೆಯ ಮೇಲೆಯೇ.

ನೀರಿದ್ದರೂ ಅದನ್ನು ಸುರಿಯುವ ರೀತಿ ತಪ್ಪಿದರೆ ಸಸಿ ಉಳಿಯುವುದಿಲ್ಲ. ಸಾಮಾನ್ಯವಾಗಿ ಆಗುವ ತಪ್ಪು ಎರಡು. ಒಂದು, ದಿನಕ್ಕೊಂದು ಚೊಂಬು ಹಾಕುವುದು. ಚೊಂಬು ನೀರು ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಒದ್ದೆ ಮಾಡಿ ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ನೀರು ಎಲ್ಲಿದೆಯೋ ಬೇರು ಅಲ್ಲಿಗೇ ಬರುತ್ತದೆ. ಮೇಲೆಯೇ ಸಿಕ್ಕರೆ ಮೇಲೆಯೇ ಹರಡುತ್ತದೆ. ಒಂದು ವಾರ ಮನೆಯವರು ಊರಿಗೆ ಹೋದರೆ ಆ ಗಿಡದ ಕಥೆ ಮುಗಿಯಿತು. ಇನ್ನೊಂದು ತಪ್ಪು ಪಾತಿಯದು. ಚೆಂದಕ್ಕಾಗಿ ಮೂರು ಅಡಿ ಅಗಲದ ಪಾತಿ ಕಟ್ಟಿ ಅದಕ್ಕೆ ಒಂದು ಬಕೆಟ್ ನೀರು ಹಾಕಿದರೆ ಅದು ತೆಳ್ಳಗೆ ಹರಡಿ ಬೆರಳುದ್ದವೂ ಕೆಳಗಿಳಿಯುವುದಿಲ್ಲ. ಅದೇ ಎಂಟು ಲೀಟರನ್ನು ಒಂದೂವರೆ ಅಡಿ ಅಗಲದ ಪಾತಿಗೆ ನಿಧಾನವಾಗಿ ಸುರಿದರೆ ಸುಮಾರು ಒಂದು ಅಡಿ ಆಳಕ್ಕೆ ಹೋಗುತ್ತದೆ. ಮೊದಲ ವರ್ಷದ ಪಾತಿ ಅಷ್ಟೇ ಕಿರಿದಾಗಿರಬೇಕು, ಅದರ ಏರಿ ನಾಲ್ಕು ಬೆರಳು ಎತ್ತರ ಇರಬೇಕು. ಗಿಡ ಬೆಳೆದಂತೆ ವರ್ಷಕ್ಕೊಮ್ಮೆ ಪಾತಿಯನ್ನು ಅಗಲಿಸುತ್ತಾ ಹೋದರೆ ಬೇರೂ ಅದರೊಂದಿಗೆ ಆಚೆಗೆ ನಡೆಯುತ್ತದೆ.

ನೀರು ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯಲು ಉಪಕರಣ ಬೇಡ. ಹಾಳಾದ ಛತ್ರಿಯ ಕಡ್ಡಿಯೊಂದು ಸಾಕು. ನೀರು ಹಾಕಿದ ಮರುದಿನ ಬೆಳಿಗ್ಗೆ ಬುಡದಿಂದ ಒಂದು ಗೇಣು ದೂರದಲ್ಲಿ ಅದನ್ನು ನೆಟ್ಟಗೆ ಒತ್ತಬೇಕು. ಒದ್ದೆ ಮಣ್ಣಿನಲ್ಲಿ ಕಡ್ಡಿ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಬಂದ ಕೂಡಲೇ ತಡೆಯುತ್ತದೆ. ನಾಲ್ಕು ಬೆರಳಿಗೇ ತಡೆದರೆ ಪಾತಿ ಅಗಲವಾಯಿತು ಅಥವಾ ನೀರು ಕಡಿಮೆಯಾಯಿತು ಎಂದರ್ಥ. ಕಲ್ಲು ಸಿಕ್ಕಿದರೂ ತಡೆಯುತ್ತದೆ, ಆದ್ದರಿಂದ ಎರಡು ಮೂರು ಕಡೆ ಒತ್ತಿ ನೋಡಬೇಕು. ಮಕ್ಕಳು ಈ ಕೆಲಸವನ್ನು ಬಹಳ ಇಷ್ಟಪಟ್ಟು ಮಾಡುತ್ತಾರೆ.

ಬಕೆಟ್ಟಿಗೆ ಏನು ಬೀಳಬಾರದು ಎನ್ನುವುದನ್ನೂ ಭಾಷಣದಲ್ಲಿ ಹೇಳಲೇಬೇಕು. ಸೋಪಿನ ನೀರು ಬೇಡ. ಉಪ್ಪು ಹಾಕಿ ಬೇಯಿಸಿದ ನೀರು, ಸಾರು ಹುಳಿಯ ಪಾತ್ರೆ ತೊಳೆದದ್ದು ಬೇಡ. ಉಪ್ಪು ಮಣ್ಣಿನಲ್ಲಿ ಕೂತು ಎಲೆಯ ಅಂಚನ್ನು ಸುಡುತ್ತದೆ. ಅನ್ನ ಬಸಿದ ಗಂಜಿಯನ್ನು ಹಾಕುವುದಾದರೆ ಪೂರ್ತಿ ಆರಿಸಿ, ನೀರು ಬೆರೆಸಿ ಹಾಕಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರು ಬಹಳ ಮನೆಗಳಲ್ಲಿ ಬಕೆಟ್ಟುಗಟ್ಟಲೆ ಇರುತ್ತದೆ. ಆದರೆ ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ಅದೊಂದನ್ನೇ ಬೇಸಿಗೆಯುದ್ದಕ್ಕೂ ಹಾಕುತ್ತಾ ಹೋದರೆ ಪಾತಿಯ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಹಾಗೆ ಕಂಡರೆ ಅದನ್ನು ನಿಲ್ಲಿಸಿ ಅಕ್ಕಚ್ಚಿಗೆ, ಸೊಪ್ಪಿನ ನೀರಿಗೆ ಮರಳಬೇಕು.

ಅಕ್ಕಚ್ಚಿನ ಗುಣವನ್ನು ದೊಡ್ಡದು ಮಾಡಿ ಹೇಳುವುದೂ ಬೇಡ. ಅದರಲ್ಲಿ ಒಂದಿಷ್ಟು ಪಿಷ್ಟ, ಸ್ವಲ್ಪ ಪೋಷಕಾಂಶ ಇರುವುದು ನಿಜ. ಗೊಬ್ಬರದ ಬದಲಿಗೆ ಅದು ಸಲ್ಲದು. ಮೊದಲ ಬೇಸಿಗೆಯಲ್ಲಿ ಸಸಿಗೆ ಅದರಿಂದ ಬೇಕಾದ್ದು ನೀರೇ. ಆ ಪಿಷ್ಟದಿಂದ ಒಂದು ತೊಂದರೆಯೂ ಇದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ಉಳಿದರೆ ಹುಳಿತು ವಾಸನೆ ಬರುತ್ತದೆ, ನೊಣ ಮುತ್ತುತ್ತವೆ, ಎರಡನೆಯ ವಾರಕ್ಕೆ ಮನೆಯವರಿಗೆ ಈ ಅಭ್ಯಾಸವೇ ಸಾಕಾಗಿಹೋಗುತ್ತದೆ. ಅಭ್ಯಾಸ ಮುರಿಯುವುದು ಹೆಚ್ಚಾಗಿ ಈ ಕಾರಣಕ್ಕೇ. ಬುಡದ ಬಳಿ ಮಣ್ಣಿನ ಮಡಕೆ ಹೂತು ನೀರು ಜಿನುಗಿಸುವವರೂ ಇದ್ದಾರೆ, ಒಳ್ಳೆಯ ಪದ್ಧತಿ. ಆದರೆ ಆ ಮಡಕೆಗೆ ಅಕ್ಕಚ್ಚು ಹಾಕಿದರೆ ಅದರ ಸಣ್ಣ ರಂಧ್ರಗಳು ಕಟ್ಟಿಕೊಂಡು ಜಿನುಗುವುದೇ ನಿಲ್ಲುತ್ತದೆ. ಅಕ್ಕಚ್ಚು ನೇರವಾಗಿ ಪಾತಿಗೇ ಹೋಗಬೇಕು, ಅದೇ ದಿನ ಹೋಗಬೇಕು.

ಹಾಗಾದರೆ ಭಾಷಣ ಹೇಗಿರಬೇಕು? ತುಮಕೂರು ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಆರರಿಂದ ಎಂಟನೇ ತರಗತಿಯವರೆಗೆ 60 ಮಕ್ಕಳು. ಶಿಕ್ಷಕಿಯೊಬ್ಬರು ವೇದಿಕೆಗೆ ಬರುವಾಗ ಕೈಯಲ್ಲಿ ಕಾಗದ ಇಲ್ಲ. ಒಂದು ಕೈಯಲ್ಲಿ ಕಳೆದ ವರ್ಷದ ಆ ಒಣಗಿದ ಕಡ್ಡಿ, ಬೇರಿನ ಮುದ್ದೆಯ ಸಮೇತ. ಇನ್ನೊಂದು ಕೈಯಲ್ಲಿ ಬಿಸಿಯೂಟದ ಅಡುಗೆಯಮ್ಮ ಆಗತಾನೆ ಅಕ್ಕಿ ತೊಳೆದು ಕೊಟ್ಟ ಬಿಳಿ ನೀರಿನ ಬಕೆಟ್.

“ಮಕ್ಕಳೇ, ಇದು ಹೋದ ವರ್ಷ ನಾವೇ ನೆಟ್ಟ ಹೊಂಗೆ. ಯಾವಾಗ ಸತ್ತುಹೋಯಿತು ಹೇಳಿ ನೋಡೋಣ.” ಯಾರಿಗೂ ಗೊತ್ತಿರುವುದಿಲ್ಲ. ಅವರೇ ಹೇಳುತ್ತಾರೆ: “ನೀವೆಲ್ಲ ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗಿದ್ದಿರಲ್ಲ, ಆಗ.”

ಶಾಲೆಯ ಸಸಿಗಳ ನಿಜವಾದ ಸಂಕಟ ಈ ಒಂದು ಮಾತಿನಲ್ಲಿದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಬಿಸಿಲು ಅತಿ ಹೆಚ್ಚಿರುವ ಆರೇಳು ವಾರ ಅಲ್ಲಿ ನೀರು ಹಾಕುವವರಿಲ್ಲ. ಉಳಿದ ತಿಂಗಳುಗಳಲ್ಲಿ ಶಾಲೆಗೆ ನೀರಿನ ಬಡತನ ಇಲ್ಲ. ಬಿಸಿಯೂಟಕ್ಕೆ ಈ ತರಗತಿಗಳ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯದ ಲೆಕ್ಕ. 60 ಮಕ್ಕಳಿಗೆ 9 ಕೆಜಿ ಅಕ್ಕಿ. ಎರಡು ಸಲ ತೊಳೆದರೆ ಇಪ್ಪತ್ತು ಲೀಟರಿಗೆ ಮೇಲೆ ಅಕ್ಕಚ್ಚು ಬರುತ್ತದೆ. ಅಂದರೆ ದಿನಕ್ಕೆ ಎರಡೂವರೆ ಸಸಿಯ ಪಾಲು, ಮೂರು ದಿನದ ಸರದಿಯಲ್ಲಿ ಏಳು ಸಸಿ. ಆ ಶಾಲೆ ಏಳನ್ನೇ ನೆಡಬೇಕು. ಐವತ್ತು ನೆಡುವ ಉತ್ಸಾಹ ಒಳ್ಳೆಯದೇ ಆದರೂ ಹಾಗೆ ನೆಟ್ಟರೆ ನಲವತ್ತಮೂರಕ್ಕೆ ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ.

ಶಿಕ್ಷಕಿ ಬಕೆಟ್ಟಿನ ನೀರನ್ನು ಲೀಟರಿನ ಅಳತೆಯಲ್ಲಿ ಮಕ್ಕಳ ಎದುರೇ ಅಳೆದು ತೋರಿಸುತ್ತಾರೆ. ಆಮೇಲೆ ಕೇಳುವುದು ಇಷ್ಟು: “ಶಾಲೆಗೆ ಹತ್ತಿರ ಯಾರ ಯಾರ ಮನೆ ಇದೆ? ಇವತ್ತು ಮನೆಗೆ ಹೋಗಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಅಕ್ಕಚ್ಚು ಎಲ್ಲಿಗೆ ಸುರಿಯುತ್ತೀರಿ ಅಂತ. ನಾಳೆ ಬಂದು ನನಗೆ ಹೇಳಿ.” ಮರುದಿನ ಏಳು ಮಕ್ಕಳ ಮನೆಗಳನ್ನು ಗೊತ್ತುಮಾಡಿ, ಒಂದೊಂದು ಮನೆಗೆ ಒಂದೊಂದು ಸಸಿಯನ್ನು ಒಪ್ಪಿಸುತ್ತಾರೆ. ಶಾಲೆ ನಡೆಯುವಾಗ ಬಿಸಿಯೂಟದ ಅಕ್ಕಚ್ಚು, ರಜೆಯಲ್ಲಿ ಆ ಮನೆಯ ಅಕ್ಕಚ್ಚು. ಊರಿಗೆ ಹೋಗುವ ಮನೆಯವರು ಪಕ್ಕದ ಮನೆಗೆ ಹೇಳಿ ಹೋಗಬೇಕು, ಬಾಗಿಲ ಕೀಲಿ ಕೊಟ್ಟು ಹೋಗುವ ಹಾಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಭಾಷಣ ಕೇಳುವುದು ಮಗು, ಬಕೆಟ್ ತುಂಬುವುದು ಅದರ ತಾಯಿ. ಅಡುಗೆಮನೆಯಲ್ಲಿ ಬೆಳಿಗ್ಗೆ ಏಳರ ಧಾವಂತದಲ್ಲಿರುವ ಹೆಂಗಸಿಗೆ ಇನ್ನೊಂದು ಕೆಲಸ ಹೊರಿಸಿದರೆ ಅದು ನ್ಯಾಯವಲ್ಲ, ನಡೆಯುವುದೂ ಇಲ್ಲ. ಆಕೆ ಮಾಡಬೇಕಾದ್ದು ಪಾತ್ರೆಯನ್ನು ಸಿಂಕಿನ ಬದಲು ಪಕ್ಕದ ಬಕೆಟ್ಟಿಗೆ ಬಗ್ಗಿಸುವುದಷ್ಟೇ ಆಗಿರಬೇಕು. ಹೊತ್ತೊಯ್ಯುವುದು ಮನೆಯ ಬೇರೆಯವರ ಪಾಲು. ದಿನವೂ ಹೇಗಿದ್ದರೂ ಹೊರಗೆ ಹೋಗುವ ಕೆಲಸ ಒಂದಿರುತ್ತದೆ: ಹಾಲು ತರುವುದು, ಕಸ ಹಾಕುವುದು, ಮಗುವನ್ನು ಬಸ್ಸಿಗೆ ಬಿಡುವುದು. ಬಕೆಟ್ಟನ್ನು ಆ ಕೆಲಸಕ್ಕೆ ಗಂಟುಹಾಕಬೇಕು. ಮೂರನೇ ಮಹಡಿಯಲ್ಲಿ ಇರುವವರಿಗೆ ಬಕೆಟ್ ತುಳುಕುತ್ತದೆ. ಖಾಲಿಯಾದ ಐದು ಲೀಟರಿನ ಎಣ್ಣೆ ಕ್ಯಾನನ್ನು ಚೆನ್ನಾಗಿ ತೊಳೆದು, ಬಾಯಿಗೆ ಜರಡಿಯಿಟ್ಟು ತುಂಬಿದರೆ ಮುಚ್ಚಳ ಹಾಕಿ ಆರಾಮವಾಗಿ ಇಳಿಸಬಹುದು. ಜರಡಿ ಏಕೆಂದರೆ ಅಕ್ಕಿಕಾಳು, ಸೊಪ್ಪಿನ ಚೂರು ಬುಡದಲ್ಲಿ ಬಿದ್ದರೆ ಇರುವೆ, ಇಲಿ ಹೆಗ್ಗಣ ಬರುತ್ತವೆ.

ನೆಡುವ ದಿನದ ಎರಡು ಕೆಲಸಗಳಿಗೆ ಭಾಷಣದಲ್ಲಿ ಅರ್ಧ ನಿಮಿಷ ಕೊಡಬೇಕು. ಸಾಧ್ಯವಾದರೆ ಎರಡಡಿ ಆಳ, ಎರಡಡಿ ಅಗಲದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡುವುದು ಒಂದು. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಬಿಡಿಸಿ ನೆಡುವುದು ಇನ್ನೊಂದು. ಫೋಟೊದ ಅವಸರದಲ್ಲಿ ಚೀಲದ ಸಮೇತ ಹೂತ ಸಸಿಗಳನ್ನು ಯಾವ ಅಕ್ಕಚ್ಚೂ ಉಳಿಸುವುದಿಲ್ಲ.

ಆಮೇಲೆ ಸಸಿಯನ್ನು ನೋಡಲು ಕಲಿಸಬೇಕು. ಏಪ್ರಿಲ್ ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಬೇಕಿಲ್ಲ, ಬಿಸಿಲಿಗೆ ಹಾಗಾಗುತ್ತದೆ. ಬೆಳಿಗ್ಗೆ ಆರು ಗಂಟೆಗೂ ಜೋತೇ ಇದ್ದರೆ ಅದಕ್ಕೆ ಬಾಯಾರಿದೆ. ಕಪ್ಪು ಮಣ್ಣಿನಲ್ಲಿ ಎಲೆ ಹಳದಿಯಾಗಿ, ಪಾತಿಯಲ್ಲಿ ಪಾಚಿ ಕಂಡರೆ ನೀರು ಹೆಚ್ಚಾಗಿದೆ. ಆ ಮಣ್ಣಿಗೆ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಹೊಂಗೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಫೆಬ್ರವರಿ, ಮಾರ್ಚ್ ಸುಮಾರಿಗೆ ಅದು ತಾನಾಗಿಯೇ ಎಲೆ ಉದುರಿಸಿ ಬೋಳಾಗುತ್ತದೆ. ಸತ್ತಿತೆಂದು ತಿಳಿದು ನೀರು ನಿಲ್ಲಿಸುವವರು ಬಹಳ. ನಿಜವಾಗಿ ಸಾಯುವುದು ಆಮೇಲೆ. ಅನುಮಾನ ಬಂದಾಗ ಹೆಬ್ಬೆರಳಿನ ಉಗುರಿನಿಂದ ಕಾಂಡದ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆದು ನೋಡಬೇಕು. ಕೆಳಗೆ ಹಸಿರು, ತೇವ ಕಂಡರೆ ಜೀವ ಇದೆ. ಕಂದು ಬಣ್ಣ, ಒಣ ಪುಡಿ ಕಂಡರೆ ಇನ್ನೂ ಕೆಳಗೆ, ಬುಡದ ಹತ್ತಿರ ಕೆರೆಯಬೇಕು. ತುದಿ ಸತ್ತು ಬುಡ ಬದುಕಿರುವ ಸಸಿಗಳು ಮಳೆ ಬಿದ್ದ ಮೇಲೆ ಕೆಳಗಿನಿಂದ ಚಿಗುರಿದ್ದುಂಟು. ಅಂಥದ್ದನ್ನು ಕೀಳಬಾರದು.

ಈ ಪರೀಕ್ಷೆಗೆ ದಿನಾಂಕ ಗೊತ್ತುಮಾಡದಿದ್ದರೆ ಯಾರೂ ಮಾಡುವುದಿಲ್ಲ. ಮನೆಗಳಲ್ಲಿ ಮರೆಯಲಾಗದ ದಿನಗಳೆಂದರೆ ಹಬ್ಬಗಳು. ದಸರೆಗೆ ಒಮ್ಮೆ ಪಾತಿ ಸರಿಮಾಡಿ ಬುಡಕ್ಕೆ ಒಣ ತರಗು ಹೊದಿಸುವುದು, ಸಂಕ್ರಾಂತಿಗೆ ಒಮ್ಮೆ ಛತ್ರಿ ಕಡ್ಡಿಯಿಂದ ಆಳ ನೋಡುವುದು, ಯುಗಾದಿಗೆ ಒಮ್ಮೆ ತೊಗಟೆ ಕೆರೆದು ನೋಡುವುದು. ತರಗನ್ನು ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಹರಡಿದರೆ ಮೂರು ದಿನದ ಸರದಿ ನಾಲ್ಕೈದು ದಿನಕ್ಕೆ ಹೋದರೂ ಸಸಿ ತಡೆದುಕೊಳ್ಳುತ್ತದೆ. ಆಯುಧಪೂಜೆಗೆ ಶಾಲೆ, ಬೀದಿ ಗುಡಿಸಿದ ಎಲೆಗೆ ಬೆಂಕಿ ಹಾಕುವ ಬದಲು ಅದನ್ನೇ ಇಲ್ಲಿಗೆ ತರಬಹುದು.

ಮುಂದಿನ ಜೂನ್ 5ಕ್ಕೆ ಆ ಶಿಕ್ಷಕಿ ಮತ್ತೆ ವೇದಿಕೆಗೆ ಬಂದಾಗ ಎಷ್ಟು ನೆಟ್ಟೆವು ಎಂದು ಹೇಳುವುದಿಲ್ಲ. ಏಳರಲ್ಲಿ ಎಷ್ಟು ಉಳಿದವು, ಯಾವುದು ಯಾಕೆ ಹೋಯಿತು ಎಂದು ಮಕ್ಕಳಿಂದಲೇ ಹೇಳಿಸುತ್ತಾರೆ. ಒಂದನ್ನು ಮೇಕೆ ತಿಂದಿರಬಹುದು, ಒಂದಕ್ಕೆ ರಜೆಯಲ್ಲಿ ನೀರು ತಪ್ಪಿರಬಹುದು. ಐದು ಉಳಿದಿದ್ದರೆ ಆ ವರ್ಷ ನೆಡಬೇಕಾದ್ದು ಎರಡೇ ಸಸಿ. ಎರಡನೆಯ ಬೇಸಿಗೆಯಲ್ಲಿ ಪಾತಿ ಎರಡೂವರೆ ಅಡಿಗೆ ಅಗಲವಾಗುತ್ತದೆ, ಆ ಐದಕ್ಕೆ ವಾರಕ್ಕೊಮ್ಮೆ ಎರಡು ಬಕೆಟ್. ಮೂರನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕಾಗುತ್ತದೆ. ಅದೂ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ. ಅಷ್ಟರಲ್ಲಿ ಗೇಟಿನ ಪಕ್ಕದ ಹೊಂಗೆ ಆಳೆತ್ತರ ದಾಟಿ, ಹಬ್ಬದ ಹೊತ್ತಿಗೆ ಹೊಸ ಎಲೆ ಹೊತ್ತು ನಿಂತಿರುತ್ತದೆ, ಮತ್ತು ಅಡುಗೆ ಕಟ್ಟೆಯ ಬಳಿಯ ಬಕೆಟ್ ದಿನವೂ ತುಂಬುತ್ತಲೇ ಇರುವುದರಿಂದ ಏಳನೇ ತರಗತಿಯಲ್ಲಿದ್ದ ಹುಡುಗಿ, ಈಗ ಹೈಸ್ಕೂಲಿಗೆ ಹೋಗುವವಳು, ಅದನ್ನು ಎತ್ತಿಕೊಂಡು ಬೀದಿಯ ಇನ್ನೊಂದು ಬದಿಗೆ ದಾಟುತ್ತಾಳೆ. ಅಲ್ಲಿ ಗೇಣುದ್ದದ ಬೇರಿನ ಹೊಸ ನೇರಳೆ ಇದೆ.